ನನ್ನ ಥೀಸಿಸ್ಸೂ ಅದರೊಳಗಿನ ‘ಇಕೆ’ಗಳೂ

ಪಿಎಚ್‌.ಡಿ.ಯ ಮೂರನೇ ಅಧ್ಯಾಯವನ್ನು ಗೈಡ್ ಮೇಡಂ ಕೈಗೆ ಕೊಟ್ಟಾಗ ಅದರ ಮೊದಲ ವಾಕ್ಯ ಹೀಗಿತ್ತು:

“ನೀರಗಂಟಿ ಪದ್ಧತಿಯ ಕ್ಷೀಣಿಸುವಿಕೆಯು ಕೆರೆ ನಿರ್ವಹಣೆಯಲ್ಲಿನ ಸಮುದಾಯದ ಪಾಲ್ಗೊಳ್ಳುವಿಕೆಯ ಕುಸಿತಕ್ಕೂ ಹೂಳೆತ್ತುವಿಕೆಯ ಸ್ಥಗಿತಗೊಳ್ಳುವಿಕೆಗೂ ಕಾರಣವಾಯಿತು.”

ಬರೆದ ದಿನ ನನಗೆ ಇದು ಭಾರಿ ಇಷ್ಟವಾಗಿತ್ತು. ಥೀಸಿಸ್ ಅಂದ್ರೆ ಹೀಗಿರಬೇಕು ಅನ್ನಿಸಿತ್ತು. ನನ್ನ ವಿಷಯ ಕೋಲಾರದ ಕಡೆಯ ಕೆರೆಗಳು. ನೀರಗಂಟಿ ಅಂದರೆ ತೂಬು ತೆಗೆದು, ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡಿ ಬಿಡುವವನು. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಇಷ್ಟು ಅಂತ ಕಾಳು ಅಳೆದು ಕೊಡುತ್ತಿದ್ದರು. ಅದೇ ಅವನ ಆಯ.

ಮೇಡಂ ವಾಕ್ಯವನ್ನು ಎರಡು ಸಲ ಓದಿದರು. ಆಮೇಲೆ ಕೇಳಿದರು: “ಅಲ್ಲಪ್ಪಾ, ಹೂಳೆತ್ತೋದನ್ನ ನಿಲ್ಲಿಸಿದ್ದು ಯಾರು?”

ನನಗೆ ಗೊತ್ತಿರಲಿಲ್ಲ. ಇಡೀ ಅಧ್ಯಾಯ ಬರೆದು ಮುಗಿಸಿದ್ದೆ, ಗೊತ್ತಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ಗೊತ್ತಿಲ್ಲ ಅನ್ನುವುದೇ ನನಗೆ ಗೊತ್ತಾಗಿರಲಿಲ್ಲ. ‘ಹೂಳೆತ್ತಿದರು’ ಅಂತ ಬರೆದರೆ ಯಾರು ಅಂತ ಹೇಳಲೇಬೇಕಾಗುತ್ತದೆ. ‘ಹೂಳೆತ್ತುವಿಕೆ’ ಅಂತ ಬರೆದರೆ ಯಾರೂ ಬೇಕಾಗಿಲ್ಲ. ಕೆರೆಯಲ್ಲಿ ಹೂಳೆತ್ತುವಿಕೆ ಅನ್ನುವ ಒಂದು ಪ್ರಾಣಿ ವಾಸವಾಗಿದ್ದು, ಒಂದು ದಿನ ತಾನಾಗಿಯೇ ಸ್ಥಗಿತಗೊಂಡಂತೆ ಇತ್ತು ನನ್ನ ವಾಕ್ಯ.

ಹೈಸ್ಕೂಲಿನಲ್ಲಿ ಕೃದಂತ ಭಾವನಾಮ ಅಂತ ಓದಿದ್ದು ನೆನಪಿರಬಹುದು. ಓಡು ಇದ್ದದ್ದು ಓಟ, ನಂಬು ಇದ್ದದ್ದು ನಂಬಿಕೆ, ಮಾಡು ಇದ್ದದ್ದು ಮಾಡುವಿಕೆ. ಆಗ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದು ಮರೆತಿದ್ದೆವು. ಕ್ರಿಯಾಪದ ಹೀಗೆ ನಾಮಪದವಾಗುವಾಗ ಏನೇನು ಉದುರಿ ಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಕರ್ತೃ ಬಿಟ್ಟು ಹೋಗಬಹುದು. ಕಾಲ ಹೋಗುತ್ತದೆ. ಕರ್ತೃವನ್ನು ಉಳಿಸಿಕೊಂಡರೂ ಅವನು ‘ಅ’ ವಿಭಕ್ತಿಯೊಳಗೆ ಸೇರಿಕೊಂಡು ಗುರುತು ಸಿಗದಂತಾಗುತ್ತಾನೆ. ‘ರೈತರ ಆಯ್ಕೆ’ ಅಂದರೆ ರೈತರು ಆರಿಸಿದ್ದೋ, ರೈತರನ್ನು ಆರಿಸಿದ್ದೋ? ನನ್ನ ಅಧ್ಯಾಯದಲ್ಲಿ ಎರಡೂ ಅರ್ಥದಲ್ಲಿ ಬಂದಿತ್ತು, ಒಂದೇ ಪುಟದಲ್ಲಿ.

ಮನೆಗೆ ಬಂದು ವಾಕ್ಯವನ್ನು ಬಿಚ್ಚಲು ಕೂತೆ. ‘ಇಕೆ’, ‘ಅಣೆ’, ‘ಕರಣ’ ಅಂತ ಮುಗಿಯುವ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಒಂದೊಂದರ ಮುಂದೂ ಯಾರು, ಯಾವಾಗ ಅಂತ ಬರೆಯಬೇಕು, ಉತ್ತರ ಫೀಲ್ಡ್ ನೋಟ್‌ಬುಕ್ಕಿನಿಂದಲೇ ಬರಬೇಕು. ನೋಟ್‌ಬುಕ್ ಬೇರೆಯೇ ಕಥೆ ಹೇಳಿತು. ನಾನು ಓಡಾಡಿದ್ದ ಮೂರು ಊರುಗಳಲ್ಲಿ ಎರಡರಲ್ಲಿ ಮೊದಲು ಬಂದದ್ದು ಬೋರ್‌ವೆಲ್. ಬೋರ್ ಕೊರೆಸಿದವರು ಕೆರೆ ನೀರು ಬೇಕಿಲ್ಲ ಅಂತ ಆಯ ಕೊಡುವುದನ್ನು ಬಿಟ್ಟರು. ನೀರಗಂಟಿ ಕೂಲಿಗೆ ಹೋದ. ಆಮೇಲೆ ಬೇಸಿಗೆಯಲ್ಲಿ ಹೂಳು ಹೊರಲು ಜನರನ್ನು ಕರೆಯುವವರೇ ಇಲ್ಲವಾದರು. ಮೂರನೇ ಊರಿನಲ್ಲಿ ಉಲ್ಟಾ. ಅಲ್ಲಿ ಹೂಳು ಮೊದಲೇ ತುಂಬಿತ್ತು. ಕೆರೆಯಲ್ಲಿ ನೀರು ನಿಲ್ಲದೆ ನೀರಗಂಟಿಗೆ ಕೆಲಸವೇ ಇರಲಿಲ್ಲ.

ಅಂದರೆ ‘ಕಾರಣವಾಯಿತು’ ಅನ್ನುವುದು ಒಂದು ಊರಿನಲ್ಲಿ ತಲೆಕೆಳಗಾಗಿತ್ತು. ಕೂತು ಒಂದು ಆಟ ಆಡಿದೆ. ನನ್ನ ವಾಕ್ಯದ ಎರಡು ತುದಿ ಅದಲುಬದಲು ಮಾಡಿದೆ: “ಹೂಳೆತ್ತುವಿಕೆಯ ಸ್ಥಗಿತಗೊಳ್ಳುವಿಕೆಯು ನೀರಗಂಟಿ ಪದ್ಧತಿಯ ಕ್ಷೀಣಿಸುವಿಕೆಗೆ ಕಾರಣವಾಯಿತು.” ಅಷ್ಟೇ ಚೆನ್ನಾಗಿ, ಅಷ್ಟೇ ಗಂಭೀರವಾಗಿ ಕೇಳಿಸುತ್ತದೆ! ಎರಡು ನಾಮಪದಗಳ ನಡುವೆ ‘ಕಾರಣ’ ಕೂರಿಸಿದರೆ ಯಾವುದು ಯಾವುದನ್ನು ಹೇಗೆ ತಂದಿತು ಅನ್ನುವ ಮಧ್ಯದ ಕೊಂಡಿಗಳನ್ನು ಯಾರೂ ಕೇಳುವುದಿಲ್ಲ. ಬರೆಯುವವನೂ ಕೇಳಿಕೊಳ್ಳುವುದಿಲ್ಲ.

ಅದಾದ ಮೇಲೆ ನನಗೆ ಹುಚ್ಚು ಹಿಡಿಯಿತು. ಅಧ್ಯಾಯದ ಅಷ್ಟೂ ‘ಇಕೆ’ಗಳನ್ನು ಕಿತ್ತು ಕ್ರಿಯಾಪದ ಹಾಕಿದೆ. ಓದಲು ಹಗುರವಾಯಿತು, ನಿಜ. ಆದರೆ ನಾಲ್ಕೈದು ಪುಟ ದಾಟಿದ ಮೇಲೆ ವಾದ ಮುಂದೆ ಸಾಗಲೇ ಇಲ್ಲ. ಪ್ರತಿ ಪ್ಯಾರಾ “ಬೋರ್‌ವೆಲ್ ಇದ್ದ ರೈತರು ನೀರಗಂಟಿಗೆ ಕಣದಲ್ಲಿ ಕಾಳು ಕೊಡುವುದನ್ನು ಬಿಟ್ಟರು, ಹಾಗೆ ಬಿಟ್ಟಾಗ…” ಅಂತಲೇ ಶುರು. ಅದನ್ನೇ ಎಷ್ಟು ಸಲ ಹೇಳುವುದು? ಆಗ ಗೊತ್ತಾಯಿತು, ಭಾವನಾಮ ಸುಮ್ನೆ ಹುಟ್ಟಿಕೊಂಡದ್ದಲ್ಲ. ಒಂದು ವಾಕ್ಯದಲ್ಲಿ ನಡೆದದ್ದನ್ನು ಗಂಟು ಕಟ್ಟಿ ಮುಂದಿನ ವಾಕ್ಯದ ತಲೆಯ ಮೇಲೆ ಇಡಲು ಅದು ಬೇಕು. ಭಾಷಾಶಾಸ್ತ್ರಜ್ಞ ಹ್ಯಾಲಿಡೇ ಇದನ್ನು ಒಂದು ಬಗೆಯ ರೂಪಕ ಎಂದೇ ನೋಡಿದ: ನಡೆಯುವ ಸಂಗತಿಯನ್ನು ಇರುವ ವಸ್ತುವಿನಂತೆ ಹೇಳುವುದು. ವಿಜ್ಞಾನದ ಬರವಣಿಗೆ ಅದರ ಮೇಲೆಯೇ ನಿಂತಿದೆ ಅಂತಲೂ ತೋರಿಸಿದ. ವಸ್ತುವಾದರೆ ತಾನೇ ಎಣಿಸಬಹುದು, ಹೋಲಿಸಬಹುದು, ಕೋಷ್ಟಕದ ತಲೆಬರಹಕ್ಕೆ ಹಾಕಬಹುದು?

ಹಾಗಾಗಿ ಕ್ರಮ ಬದಲಿಸಿದೆ. ಮೊದಲ ಸಲ ಬಂದಾಗ ಪೂರ್ತಿ ಬಿಚ್ಚಿ, ಜನರನ್ನೂ ಕಾಲವನ್ನೂ ಇಟ್ಟು ಕ್ರಿಯಾಪದದಲ್ಲಿ ಹೇಳುವುದು. ಓದುಗನಿಗೆ ಕಂಡ ಮೇಲೆ ಅದಕ್ಕೊಂದು ಚಿಕ್ಕ ಹೆಸರು ಕೊಡುವುದು. ನಾನು ಕೊಟ್ಟ ಹೆಸರು ‘ಆಯದ ನಿಲುಗಡೆ’. (ಗೆಳೆಯನೊಬ್ಬ ಬಸ್ಸು ಎಷ್ಟೊತ್ತಿಗೆ ಬರುತ್ತದೆ ಅಂತ ಕೇಳಿದ. ಇರಲಿ.) ಅಲ್ಲಿಂದ ಮುಂದೆ “ಆಯದ ನಿಲುಗಡೆ ಎರಡು ಊರುಗಳಲ್ಲಿ ಹೂಳಿಗಿಂತ ಮೊದಲು, ಒಂದರಲ್ಲಿ ನಂತರ” ಅಂತ ಒಂದೇ ಸಾಲಿನಲ್ಲಿ ಮುಗಿಯಿತು. ಆ ಸಾಲು ಭಾರ ಅನ್ನಿಸುವುದಿಲ್ಲ, ಯಾಕೆಂದರೆ ಗಂಟಿನೊಳಗೆ ಏನಿದೆ ಅಂತ ಓದುಗನಿಗೆ ಗೊತ್ತು.

ಕನ್ನಡದಲ್ಲಿ ನಡುವೆ ಇನ್ನೊಂದು ದಾರಿಯೂ ಇದೆ. ನಾನು ಜಾಸ್ತಿ ಬಳಸುವುದು ಅದನ್ನೇ. ‘ರೈತರ ಆಯ ನಿಲ್ಲಿಸುವಿಕೆ’ ಬದಲು ‘ರೈತರು ಆಯ ನಿಲ್ಲಿಸಿದ್ದು’. ಇದೂ ನಾಮಪದದ ಜಾಗದಲ್ಲೇ ಕೂರುತ್ತದೆ. ‘ನಿಲ್ಲಿಸಿದ್ದರಿಂದ’, ‘ನಿಲ್ಲಿಸಿದ್ದಕ್ಕೆ’ ಅಂತ ವಿಭಕ್ತಿಯನ್ನೂ ತೆಗೆದುಕೊಳ್ಳುತ್ತದೆ. ಆದರೆ ರೈತರು ರೈತರಾಗಿಯೇ ನಿಂತಿರುತ್ತಾರೆ, ನಡೆದು ಹೋದದ್ದು ಅನ್ನುವುದೂ ಉಳಿಯುತ್ತದೆ. ‘ನಿಲ್ಲಿಸುವುದು’ ಬೇರೆ, ‘ನಿಲ್ಲಿಸಿದ್ದು’ ಬೇರೆ, ‘ನಿಲ್ಲಿಸದೇ ಇದ್ದದ್ದು’ ಬೇರೆ. ‘ನಿಲ್ಲಿಸುವಿಕೆ’ಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಹಾಗಂತ ‘ಹಂಚಿಕೆ’, ‘ನಂಬಿಕೆ’, ‘ಬೇಡಿಕೆ’ ಇಂಥವನ್ನು ಮುಟ್ಟಲಿಲ್ಲ. ಅವು ಯಾವತ್ತೋ ಪಳಗಿದ ಪದಗಳು. ತೊಂದರೆ ಕೊಡುವುದು ನಾವೇ ಆ ಹೊತ್ತಿಗೆ ಹುಟ್ಟಿಸಿದವು, ಅದರಲ್ಲೂ ಸಾಲಾಗಿ ಬಂದಾಗ. ನಮ್ಮಲ್ಲಿ ಮುಖ್ಯ ಪದ ಕೊನೆಗೆ ಬರುತ್ತದೆ. ಅಲ್ಲಿಯವರೆಗೂ ಹಿಂದಿನದನ್ನೆಲ್ಲ ಓದುಗ ಕಂಕುಳಲ್ಲಿ ಇಟ್ಟುಕೊಂಡು ಕಾಯಬೇಕು. ‘ಹಳೆಯ ಕೆರೆ ನಿರ್ವಹಣಾ ಪದ್ಧತಿ’ಯಲ್ಲಿ ಹಳೆಯದು ಕೆರೆಯೋ ಪದ್ಧತಿಯೋ? ಬರೆದ ನನಗೆ ಸಂಶಯವೇ ಬಂದಿರಲಿಲ್ಲ. ಮೇಡಂ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ‘ಕೆರೆ ನಿರ್ವಹಿಸುವ ಹಳೆಯ ಪದ್ಧತಿ’ ಅಂದರೆ ಮುಗಿಯಿತು. ಈಗ ‘ಅ’ಕಾರದ ಕೊಂಡಿ ಸಾಲಾಗಿ ಮೂರು ದಾಟಿದರೆ ಜೋರಾಗಿ ಓದಿ ನೋಡುತ್ತೇನೆ. ಉಸಿರು ಎಲ್ಲಿ ನಿಲ್ಲಿಸಬೇಕು ಅಂತ ನನಗೇ ತಿಳಿಯದಿದ್ದರೆ ಒಡೆಯುತ್ತೇನೆ.

ಸಾರಾಂಶ ಮಾತ್ರ ಇದಕ್ಕೆ ಬಗ್ಗಲಿಲ್ಲ. ಒಂದೇ ಪುಟದಲ್ಲಿ ಐದು ಅಧ್ಯಾಯ ತುಂಬಬೇಕು. ಅಲ್ಲಿ ಗಂಟು ಕಟ್ಟದೆ ದಾರಿಯಿಲ್ಲ, ಓದುವವರೂ ಆ ವಿಷಯದವರೇ.

ಅಧ್ಯಾಯದ ಮೊದಲ ವಾಕ್ಯ ಕೊನೆಗೆ ಹೀಗಾಯಿತು: “ಎರಡು ಊರುಗಳಲ್ಲಿ ಬೋರ್‌ವೆಲ್ ಹಾಕಿಸಿದ ರೈತರು ಮೊದಲು ನೀರಗಂಟಿಯ ಆಯ ನಿಲ್ಲಿಸಿದರು, ಹೂಳೆತ್ತುವ ಕೆಲಸ ಆಮೇಲೆ ನಿಂತಿತು.” ಥೀಸಿಸ್ಸಿನ ಹೆಸರನ್ನೂ ಬದಲಿಸೋಣ ಅಂತ ಹೋದೆ. ನೋಂದಣಿ ಮಾಡಿಸಿದ ಶೀರ್ಷಿಕೆ ತಿದ್ದಬೇಕೆಂದರೆ ಅರ್ಜಿ, ಸಮಿತಿ, ಮತ್ತೆ ಆರು ತಿಂಗಳು. ರಟ್ಟಿನ ಮೇಲೆ ಹೊಂಬಣ್ಣದ ಅಕ್ಷರದಲ್ಲಿ ‘ಕೆರೆ ನಿರ್ವಹಣೆಯಲ್ಲಿ ಸಮುದಾಯದ ಪಾಲ್ಗೊಳ್ಳುವಿಕೆಯ ಬದಲಾವಣೆಯ ಸ್ವರೂಪದ ಅಧ್ಯಯನ’ ಹಾಗೇ ಇದೆ.