ಬ್ಯೂಟಿ ಮೋಡ್ ಒರೆಸಿದ ಮುಖಕ್ಕೆ ಮತ್ತೆ ಚರ್ಮ ಕೂರಿಸಿದ್ದು: ನನ್ನ ಅನುಭವ

ಬ್ಯೂಟಿ ಮೋಡ್‌ನಲ್ಲಿ ತೆಗೆದ ಸೆಲ್ಫಿ ರೀಟಚ್‌ಗೆ ಬಂದರೆ ನಮ್ಮ ಕೆಲಸದವರು ಹೇಳುವುದು ಒಂದೇ ಮಾತು. "ಹೋದದ್ದು ಹೋಯ್ತು, ಬೇರೆ ಫೋಟೋ ಕೇಳು." ನನಗೂ ಇದನ್ನೇ ಹೇಳಿದರು, ಅದೂ ನನಗಿಂತ ಹಳಬರು. ಅವರ ಮಾತು ಅರ್ಧ ನಿಜ. ಫೋನ್ ಒರೆಸಿ ಹಾಕಿದ ಪೋರ್ಸ್ ಆ ಫೈಲ್‌ನಲ್ಲಿ ಎಲ್ಲೂ ಅಡಗಿ ಕೂತಿಲ್ಲ, ಎಷ್ಟು ಎಳೆದರೂ ಬರುವುದಿಲ್ಲ. ಆದರೆ ಬಣ್ಣವನ್ನು ಬಹುಪಾಲು ವಾಪಸ್ ತರಬಹುದು. ಚರ್ಮವನ್ನು ಅದೇ ವ್ಯಕ್ತಿಯ ಇನ್ನೊಂದು ಫೋಟೋದಿಂದ ಎರವಲು ತಂದು ಕೂರಿಸಬಹುದು. ಈ ದಾರಿಯಲ್ಲಿ ಮಾಡಿದ ಕೆಲಸ ಈಗ ದೊಡ್ಡ ಪ್ರಿಂಟ್ ಆಗಿದೆ, ನೋಡಿದ ಹಳಬರಿಗೂ ಇದು ಬ್ಯೂಟಿ ಮೋಡ್ ಫೋಟೋ ಅಂತ ಗೊತ್ತಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಹೀಗಿತ್ತು. ಕ್ಲೈಂಟ್‌ಗೆ ತಮ್ಮ ಹಳೇ ಸೆಲ್ಫಿಯೇ ಬೇಕು. ಆಗ ಕೂದಲು ಸೊಂಟದವರೆಗೆ ಇತ್ತು, ಈಗ ಕತ್ತರಿಸಿದ್ದಾರೆ, ಹಾಗಾಗಿ ಮತ್ತೆ ತೆಗೆಯುವ ಮಾತೇ ಇಲ್ಲ. ಕೂದಲಿಗೆ ಕೆಂಪು ಛಾಯೆಯ ಕಂದು ಬಣ್ಣ ಬರಬೇಕು, ತುಟಿಗೆ ಗಾಢ ಲಿಪ್‌ಸ್ಟಿಕ್ ಬರಬೇಕು. ಕೇಳಲು ಸುಲಭ. ಆದರೆ ಇಂಥದ್ದೇ ಕೆಲಸವನ್ನು ಹಿಂದೆ ನೇರವಾಗಿ ಒರೆಸಿದ ಮುಖದ ಮೇಲೆ ಮಾಡಿದಾಗ ಲಿಪ್‌ಸ್ಟಿಕ್ ಸ್ಟಿಕ್ಕರ್ ಅಂಟಿಸಿದ ಹಾಗೆ ಕಂಡಿತ್ತು. ಮುಖದ ಗುಲಾಬಿ ಛಾಯೆಯ ಪಕ್ಕದಲ್ಲಿ ಕೆಂಪು ಬಣ್ಣ ನೇರಳೆಗೆ ತಿರುಗಿದಂತೆ ಕಂಡಿತ್ತು. ಕ್ಲೈಂಟ್ ಒಪ್ಪಲಿಲ್ಲ, ಅಡ್ವಾನ್ಸ್ ವಾಪಸ್ ಹೋಯಿತು, ಒಂದು ವಾರದ ರಾತ್ರಿಗಳು ದುಡ್ಡಿಲ್ಲದೆ ಹೋದವು.

ಅದಾದ ಮೇಲೆ ಏನೇನೋ ಮಾಡಿ ನೋಡಿದೆ. ಮೊದಲು ಶಾರ್ಪನಿಂಗ್, ಆಮೇಲೆ ದುಡ್ಡು ಕೊಟ್ಟು ತಂದ ಒಂದು ಡೀಬ್ಲರ್ ಪ್ಲಗಿನ್. ಎರಡೂ ದಂಡ. ಕೈ ಅಲುಗಿ ಮಸುಕಾದ ಫೋಟೋದಲ್ಲಿ ಮಸುಕು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಅದನ್ನು ಲೆಕ್ಕ ಹಾಕಿ ಸ್ವಲ್ಪ ಹಿಂದಕ್ಕೆ ತರಬಹುದು. ಬ್ಯೂಟಿ ಮೋಡ್ ಹಾಗಲ್ಲ. ಹುಬ್ಬು, ತುಟಿಯ ಅಂಚನ್ನು ಬಿಟ್ಟು ನಡುವಿನ ಚರ್ಮವನ್ನು ಮಾತ್ರ ಸವರುತ್ತದೆ, ಎಷ್ಟು ಸವರಬೇಕು ಅಂತ ಜಾಗ ನೋಡಿ ಬದಲಿಸುತ್ತದೆ. ಅಂಥದ್ದನ್ನು ಶಾರ್ಪ್ ಮಾಡಿದರೆ ಪೋರ್ಸ್ ಬದಲು ಜೆಪೆಗ್‌ನ ಎಂಟು ಪಿಕ್ಸೆಲ್ ಚೌಕಗಳು ಎದ್ದು ಬರುತ್ತವೆ. ಹುಬ್ಬಿನ ಸುತ್ತ ಫೋನೇ ಹಾಕಿದ್ದ ಬಿಳಿ ಗೆರೆ ಇನ್ನೂ ದಪ್ಪವಾಗುತ್ತದೆ. ಮೂರನೆಯದು ಸುಮ್ನೆ ನಾಯ್ಸ್ ಸೇರಿಸುವುದು. ಚಿಕ್ಕ ಸೈಜ್‌ನಲ್ಲಿ ಮೋಸ ಮಾಡುತ್ತದೆ, ಪ್ರಿಂಟ್‌ನಲ್ಲಿ ಮುಖಕ್ಕೆ ಮರಳು ಎರಚಿದಂತೆ ಕಾಣುತ್ತದೆ.

ಕೊನೆಗೆ ನನಗೆ ದಾರಿ ಕಂಡಿದ್ದು ಒಂದು ಪ್ರಶ್ನೆಯಿಂದ. ಆ ಫೋಟೋ ಮತ್ತೆ ತೆಗೆಯಲು ಆಗಲ್ಲ ಸರಿ, ಆದರೆ ಆ ಫೋನ್ ಇನ್ನೂ ಅವರ ಹತ್ತಿರವೇ ಇದೆ ಅಲ್ವಾ? ಕೇಳಿದೆ, ಇತ್ತು. ಹಳೇ ಸೆಲ್ಫಿಯಲ್ಲಿ ಬೆಳಕು ಎಡಗಡೆ ಕಿಟಕಿಯಿಂದ ಬಂದಿತ್ತು. ಅದೇ ರೀತಿ ಕಿಟಕಿ ಎಡಕ್ಕೆ ಬರುವಂತೆ ಕೂತು, ಮುಖವನ್ನು ಅದೇ ಕೋನಕ್ಕೆ ತಿರುಗಿಸಿ, ಬ್ಯೂಟಿ ಹಿಂದೆ ಇದ್ದಷ್ಟೇ ಇಟ್ಟು ಒಂದು, ಪೂರ್ತಿ ಆಫ್ ಮಾಡಿ ಒಂದು ಸೆಲ್ಫಿ ತೆಗೆಯಲು ಹೇಳಿದೆ. ಮೇಕಪ್ ಬೇಡ, ಎರಡರ ನಡುವೆ ಅಲುಗಾಡಬೇಡಿ ಅಂದೆ. ಇದನ್ನು ನಾನು ಜೋಡಿ ಅಂತ ಕರೆಯುತ್ತೇನೆ. ಫೋನ್ ಬಣ್ಣಕ್ಕೆ ಏನು ಮಾಡುತ್ತದೆ ಅನ್ನುವುದೂ ಇದರಲ್ಲೇ ಸಿಗುತ್ತದೆ, ಮುಖದ ಚರ್ಮವೂ ಇದರಲ್ಲೇ ಸಿಗುತ್ತದೆ. ಹಳೇ ಸೆಲ್ಫಿಯೂ ಸೇರಿ ಮೂರೂ ಫೋಟೋಗಳನ್ನು ಚಾಟ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೋಟೋ ಆಗಿ ಕಳಿಸಿದರೆ ಆ್ಯಪ್ ಕುಗ್ಗಿಸಿಬಿಡುತ್ತದೆ, ಕುತ್ತಿಗೆಯ ಚರ್ಮವೂ ನುಣ್ಣಗಾಗುತ್ತದೆ, ಆಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ.

ಮೊದಲ ಕೆಲಸ, ಫೋನ್ ಎಲ್ಲೆಲ್ಲಿ ಸವರಿದೆ ಅಂತ ಕಂಡುಹಿಡಿಯುವುದು. ಕಣ್ಣಳತೆಯಲ್ಲಿ ಮಾಸ್ಕ್ ಬರೆಯಲು ಹೋಗಬೇಡಿ. ಹಳೇ ಸೆಲ್ಫಿಯ ಒಂದು ಕಾಪಿ ಲೇಯರ್ ಮಾಡಿ, ಮೂರು ಪಿಕ್ಸೆಲ್ High Pass ಹಾಕಿ, ಕಾಂಟ್ರಾಸ್ಟ್ ಅತಿಯಾಗಿ ಏರಿಸಿ. ಸವರಿದ ಜಾಗ ಬರೀ ಬೂದು ಬಣ್ಣದ ಚಪ್ಪಟೆ ತೇಪೆಯಾಗಿ ಕಾಣುತ್ತದೆ, ಸವರದ ಜಾಗದಲ್ಲಿ ಕಾಳು ಕಾಳು ಏಳುತ್ತದೆ. ನನ್ನ ಫೋಟೋದಲ್ಲಿ ಹಣೆ, ಎರಡೂ ಕೆನ್ನೆ, ಗದ್ದ ಪೂರ್ತಿ ಬೂದು. ಕಿವಿಯಲ್ಲಿ ಕಾಳು ಇತ್ತು. ದವಡೆಯ ಗೆರೆಯಿಂದ ಎರಡು ಬೆರಳು ಕೆಳಗೆ ಬಂದ ಮೇಲೆ ಕುತ್ತಿಗೆಯಲ್ಲೂ ಕಾಳು ಶುರು. ಕೂದಲ ಬುಡದಲ್ಲಿ ಅಂಚು ಗರಗಸದ ಹಾಗೆ ಹಲ್ಲು ಹಲ್ಲಾಗಿತ್ತು. ಈ ನಕ್ಷೆಯನ್ನೇ ಮಸುಕು ಮಾಡಿ, ತಿದ್ದಿ, ಮಾಸ್ಕ್ ಮಾಡಿಕೊಂಡೆ. ಕೂದಲ ಬುಡದ ಆ ಹಲ್ಲುಗಳನ್ನು ಕಾಣದಂತೆ ಬೆಸೆಯಲು ನನ್ನದೇ ಒಂದು ಉಪಾಯ ಇದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಇನ್ನು ಬಣ್ಣ. ಇಲ್ಲಿ ಎರಡು ಬೇರೆ ಬೇರೆ ದೋಷ ಸೇರಿಕೊಂಡಿರುತ್ತವೆ, ಒಟ್ಟಿಗೆ ತಿದ್ದಲು ಹೋದರೆ ಎರಡೂ ಕೆಡುತ್ತವೆ. ಒಂದು, ಇಡೀ ಫೋಟೋದ ವೈಟ್ ಬ್ಯಾಲೆನ್ಸ್. ಇನ್ನೊಂದು, ಮುಖಕ್ಕೆ ಮಾತ್ರ ಬಳಿದ ಬಿಳುಪು ಮತ್ತು ಗುಲಾಬಿ. ವೈಟ್ ಬ್ಯಾಲೆನ್ಸ್ ನೋಡಲು ಕಣ್ಣಿನ ಬಿಳಿ ಮತ್ತು ಹಲ್ಲು ನಂಬಬೇಡಿ, ಬ್ಯೂಟಿ ಮೋಡ್ ಅವನ್ನೂ ಬೆಳಗಿಸಿರುವ ಸಾಧ್ಯತೆ ಜಾಸ್ತಿ. ಬಟ್ಟೆ ನೋಡಿ. ಇಲ್ಲಿ ಬಿಳಿ ಕಾಲರ್ ಸುಮಾರು ಕೆಂಪು 236, ಹಸಿರು 232, ನೀಲಿ 233 ಇತ್ತು. ಅಂದರೆ ಫೋಟೋ ಬಹುಪಾಲು ಸರಿಯಾಗಿದೆ, ದೋಷ ಮುಖದಲ್ಲೇ ಇದೆ.

ಕುತ್ತಿಗೆಯಲ್ಲಿ ನೆನಪಿರುವ ಹಾಗೆ 176, 132, 108. ಕೆನ್ನೆಯಲ್ಲಿ 214, 170, 160. ಬೆಳಕಿನ ಅಂತರ ಬಿಡಿ, ಗದ್ದದ ನೆರಳಿನಲ್ಲಿ ಕುತ್ತಿಗೆ ಕಪ್ಪಾಗುವುದು ಸಹಜ. ಹಸಿರಿಗೂ ನೀಲಿಗೂ ಇರುವ ಅಂತರ ನೋಡಿ. ಕುತ್ತಿಗೆಯಲ್ಲಿ 24, ಕೆನ್ನೆಯಲ್ಲಿ ಬರೀ 10. ಕೆಂಪು-ಹಸಿರಿನ ಅಂತರ ಎರಡು ಕಡೆಯೂ 44ರ ಆಸುಪಾಸು. ಅಂದರೆ ಫೋನ್ ಗುಲಾಬಿ ಸೇರಿಸಿತು ಅನ್ನುವುದಕ್ಕಿಂತ ಚರ್ಮದ ಹಳದಿಯನ್ನು ಕಿತ್ತುಕೊಂಡಿತು ಅನ್ನುವುದೇ ಸರಿ. ಕಡಿಮೆಯಾಗಿದ್ದು ಹಳದಿ ಅಂತ ಗೊತ್ತಾದ ಮೇಲೆ ಕೆಂಪನ್ನು ಮಾತ್ರ ಇಳಿಸುವ ಗೋಜಿಗೆ ಹೋಗಲಿಲ್ಲ. ಎಲ್ಲರೂ ಅದನ್ನೇ ಮೊದಲು ಇಳಿಸುತ್ತಾರೆ, ಮುಖ ಕಾಯಿಲೆ ಬಿದ್ದವರ ಹಾಗೆ ಆಗುತ್ತದೆ.

ಆದರೂ ಮುಖವನ್ನು ಕುತ್ತಿಗೆಯ ಬಣ್ಣಕ್ಕೇ ತಂದು ನಿಲ್ಲಿಸಬಾರದು. ಮನುಷ್ಯರಲ್ಲಿ ಇವೆರಡೂ ಒಂದೇ ಬಣ್ಣ ಇರುವುದು ಕಡಿಮೆ. ಜೋಡಿ ಉಪಯೋಗಕ್ಕೆ ಬಂದಿದ್ದು ಇಲ್ಲಿ. ಆನ್ ಮತ್ತು ಆಫ್ ಫೋಟೋ ಎರಡನ್ನೂ ಚೆನ್ನಾಗಿ ಮಸುಕು ಮಾಡಿ, ಹಣೆ, ಕೆನ್ನೆ, ಮೂಗಿನ ಪಕ್ಕದ ನೆರಳು, ಹೀಗೆ ಏಳೆಂಟು ಜಾಗದಲ್ಲಿ ಸಂಖ್ಯೆ ಬರೆದುಕೊಂಡೆ. ಆನ್‌ನಿಂದ ಆಫ್‌ಗೆ ಒಯ್ಯುವ ಕರ್ವ್ ಮೂರೂ ಚಾನೆಲ್‌ಗೆ ಬರೆದೆ. ಅದೇ ಕರ್ವ್ ಹಳೇ ಸೆಲ್ಫಿಗೆ, ಮಾಸ್ಕ್ ಒಳಗೆ ಮಾತ್ರ. ಕೆನ್ನೆ ಸುಮಾರು 198, 152, 130ಕ್ಕೆ ಬಂತು. ಒಂದು ಎಚ್ಚರ: ಫೋನ್ ಬೆಳಕು ನೋಡಿ ತನ್ನ ಪ್ರಮಾಣ ಬದಲಿಸಬಹುದು, ಹಾಗಾಗಿ ಕರ್ವ್ ಪೂರ್ತಿ ಹಾಕಬೇಡಿ. ನಾನು ಶೇಕಡಾ 60ರಿಂದ ಶುರು ಮಾಡಿ ದವಡೆಯ ಗೆರೆ ನೋಡುತ್ತಾ ಏರಿಸುತ್ತೇನೆ, ಮುಖ-ಕುತ್ತಿಗೆ ಸೇರುವ ಜಾಗ ಕಣ್ಣಿಗೆ ಚುಚ್ಚದ ಕಡೆ ನಿಲ್ಲಿಸುತ್ತೇನೆ. ಇಷ್ಟೆಲ್ಲ 16 ಬಿಟ್‌ನಲ್ಲೇ ಮಾಡಿ. ಸವರಿದ ಹಣೆಯಲ್ಲಿ ಕಾಂಟ್ರಾಸ್ಟ್ ಎಳೆದರೆ ಪಟ್ಟಿ ಪಟ್ಟಿ ಏಳುತ್ತದೆ. ಮೂಲ ಜೆಪೆಗ್ 8 ಬಿಟ್ ಆಗಿದ್ದರಿಂದ ಆ ಪಟ್ಟಿ ಪೂರ್ತಿ ಹೋಗುವುದಿಲ್ಲ, ಆದರೆ ನಾವು ಇನ್ನಷ್ಟು ಸೇರಿಸದಿದ್ದರೆ ಸಾಕು, ಉಳಿದದ್ದನ್ನು ಮುಂದೆ ಬರುವ ಚರ್ಮ ಮುಚ್ಚುತ್ತದೆ.

ಚರ್ಮಕ್ಕೆ ನಾವೆಲ್ಲ ಮಾಡುವ ಫ್ರೀಕ್ವೆನ್ಸಿ ಸೆಪರೇಷನ್ನೇ, ಆದರೆ ಆಫ್ ಫೋಟೋದ ಮೇಲೆ. ಗಿಂಪ್‌ನಲ್ಲಿ ಮಾಡುವವರಿಗೆ Grain extract ಮತ್ತು Grain merge ಸಾಕು. ಮೊದಲು ಆಫ್ ಫೋಟೋವನ್ನು ಕಣ್ಣುಪಾಪೆಗಳ ನಡುವಿನ ದೂರ ಹಳೇ ಸೆಲ್ಫಿಯಷ್ಟೇ ಆಗುವಂತೆ ಸರಿಮಾಡಿ, ವಾರ್ಪ್ ಮಾಡಿ ಮುಖದ ಮೇಲೆ ಕೂರಿಸಿ. ದವಡೆ ಮಾತ್ರ ಹೊಂದುತ್ತಿಲ್ಲ ಅಂದರೆ ಫೋನ್ ಮುಖವನ್ನು ತೆಳ್ಳಗೂ ಮಾಡಿರಬಹುದು, ಹಿಂದಿನ ಬಾಗಿಲ ಚೌಕಟ್ಟು ಕೆನ್ನೆಯ ಪಕ್ಕ ಬಾಗಿದೆಯಾ ನೋಡಿ. ಆಮೇಲೆ ಎಂಟು ಪಿಕ್ಸೆಲ್ ಹತ್ತಿರದ ಬ್ಲರ್‌ನಲ್ಲಿ ಸೂಕ್ಷ್ಮ ಪದರ ಬೇರ್ಪಡಿಸಿ, ಅದರ ಬಣ್ಣ ತೆಗೆದು ಬರೀ ಬೆಳಕು-ನೆರಳು ಉಳಿಸಿ, ಹಳೇ ಸೆಲ್ಫಿಯ ಮೇಲೆ ಮಾಸ್ಕ್ ಒಳಗೆ ಹಾಕಿ. ಬಣ್ಣ ತೆಗೆಯದಿದ್ದರೆ ಆವತ್ತಿನ ಮೊಡವೆಯ ಕೆಂಪು ಚುಕ್ಕೆಗಳೂ ಜೊತೆಗೆ ಬರುತ್ತವೆ. ಬೆಳಕು ಎಡದಿಂದಲೇ ಬಂದಿರಬೇಕು ಅಂದದ್ದು ಇದಕ್ಕೇ. ಪ್ರತಿ ರಂಧ್ರಕ್ಕೂ ಒಂದು ಬದಿ ನೆರಳು ಇದೆ. ದಿಕ್ಕು ತಪ್ಪಿದರೆ ಗುಳಿಗಳು ಗುಳ್ಳೆಗಳಾಗಿ ಕಾಣುತ್ತವೆ.

ಎಷ್ಟು ಹಾಕಬೇಕು ಅನ್ನುವುದಕ್ಕೆ ಕಣ್ಣಿಗಿಂತ ಹಿಸ್ಟೋಗ್ರಾಮ್ ಒಳ್ಳೆಯದು. ಚಪ್ಪಟೆ ಜಾಗದಲ್ಲಿ ಚಿಕ್ಕ ಚೌಕ ಆರಿಸಿ, ಬೆಳಕು-ನೆರಳಿನ ಏರಿಳಿತ ಎಷ್ಟು ಅಂತ ಹೇಳುವ Std Dev ನೋಡಿ. ಕುತ್ತಿಗೆಯಲ್ಲಿ ಸುಮಾರು 3 ಇತ್ತು, ಒರೆಸಿದ ಕೆನ್ನೆಯಲ್ಲಿ 1ಕ್ಕಿಂತ ಕಡಿಮೆ. ಪದರದ ಒಪಾಸಿಟಿ 65ರ ಹತ್ತಿರ ಇಟ್ಟಾಗ ಕೆನ್ನೆಯಲ್ಲೂ 3ರ ಆಸುಪಾಸಿಗೆ ಬಂತು. ಆಫ್ ಫೋಟೋ ಹಗಲಿನದು, ಸೆಲ್ಫಿ ಸಂಜೆಯದು, ಅಷ್ಟು ಚೂಪಿಲ್ಲ, ಹಾಗಾಗಿ ಪದರಕ್ಕೆ ಅರ್ಧ ಪಿಕ್ಸೆಲ್‌ನಷ್ಟು ಬ್ಲರ್ ಕೊಟ್ಟ ಮೇಲೇ ಒಂದಾಯಿತು. ಹುಬ್ಬಿನ ಸುತ್ತಲಿನ ಬಿಳಿ ಗೆರೆಗೆ ಸ್ವಲ್ಪ ಮಸುಕಾದ ಕಾಪಿಯನ್ನು Darken ಮೋಡ್‌ನಲ್ಲಿ ಇಟ್ಟು ಗೆರೆಯ ಮೇಲೆ ಮಾತ್ರ ಬ್ರಷ್ ಮಾಡಿದೆ.

ಜೋಡಿ ಸಿಗದ ಕೆಲಸಗಳಿಗೆ ಬೇರೆಯವರ ಚರ್ಮದ ಒಂದು ಸಂಗ್ರಹ ಮಾಡಿ ಇಟ್ಟುಕೊಂಡಿದ್ದೆ. ಆದರೆ ಇಪ್ಪತ್ತರವರ ಹಣೆಯನ್ನು ಐವತ್ತರವರ ಮುಖಕ್ಕೆ ಹಾಕಿದರೆ ಏನೋ ಸರಿಯಿಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಅದರ ಬದಲು ಅದೇ ಫೋಟೋದ ಕುತ್ತಿಗೆಯಿಂದ ಚರ್ಮ ತೆಗೆದರೂ ನಡೆಯುತ್ತದೆ, ಆದರೆ ಮೂಗಿನ ಮೇಲೆ ಮಾತ್ರ ಬೇಡ. ಅಲ್ಲಿನ ಪೋರ್ಸ್ ದೊಡ್ಡವು, ಕುತ್ತಿಗೆಯ ಗೆರೆಗಳು ಅಲ್ಲಿ ತಕ್ಷಣ ಸಿಕ್ಕಿಬೀಳುತ್ತವೆ.

ಕೆನ್ನೆಯ ಮೇಲೆ ಫೋನ್ ಅಳಿಸಿದ್ದ ಒಂದು ಮಚ್ಚೆ ಜೋಡಿಯಲ್ಲಿ ಸಿಕ್ಕಿತು. ಬಣ್ಣ ತೆಗೆದ ಪದರದಲ್ಲಿ ಅದು ಸರಿಯಾಗಿ ಬರುವುದಿಲ್ಲ, ಬೇರೆಯಾಗಿ ತಂದು ಕೂರಿಸಬೇಕು. ಬೇಕಾ ಅಂತ ಕ್ಲೈಂಟ್‌ಗೆ ಕೇಳಿದ್ದಕ್ಕೆ "ಅಯ್ಯೋ, ಅದು ಬೇಕು, ಅದು ನನ್ನ ಗುರುತು" ಅಂದರು. ಹಾಗಂತ ಇದು ಅವತ್ತಿನ ನಿಜವಾದ ಚರ್ಮ ಅಲ್ಲ, ಎರವಲು ಚರ್ಮ. ಗುರುತಿನ ದಾಖಲೆಗೆ ಹಾಕುವ ಫೋಟೋ ಆದರೆ ನಾನು ಈ ಕೆಲಸ ಒಪ್ಪುವುದೇ ಇಲ್ಲ, ಅದನ್ನು ಮೊದಲೇ ಹೇಳುತ್ತೇನೆ.

ಆಮೇಲೆ ಲಿಪ್‌ಸ್ಟಿಕ್ ಹಾಕಿದೆ. ಹಿಂದೆ ಸ್ಟಿಕ್ಕರ್ ಆಗಿದ್ದ ಅದೇ ಕೆಂಪು, ಅದೇ ಬ್ಲೆಂಡ್ ಮೋಡ್. ಈ ಸಲ ಕೂತುಕೊಂಡಿತು. ಕೂದಲ ಕಂದು ಬಣ್ಣಕ್ಕೂ ಹಳದಿ ವಾಪಸ್ ಬಂದ ಮುಖವೇ ಹೊಂದಿತು.

ಜೋಡಿ ಕೈಗೆ ಬಂದ ಮೇಲೆ ಬ್ಯೂಟಿ ಮೋಡ್ ಬಿಚ್ಚುವ ಈ ಕೆಲಸಕ್ಕೆ ನನಗೆ ಈಗ ಎರಡು-ಎರಡೂವರೆ ಗಂಟೆ ಬೇಕು. ಅದಕ್ಕೆ ರೀಟಚ್ ದರದ ಅರ್ಧದಷ್ಟು ಬೇರೆಯಾಗಿ ತೆಗೆದುಕೊಳ್ಳುತ್ತೇನೆ, ಕೆಲಸ ಶುರುವಾಗುವ ಮೊದಲೇ. ಬಿಚ್ಚಿದ ಹಂತದ ಫೈಲನ್ನು ಲೇಯರ್ ಸಮೇತ ಬೇರೆ ಹೆಸರಿನಲ್ಲಿ ಉಳಿಸುತ್ತೇನೆ. ಈ ಕ್ಲೈಂಟ್ ಹದಿನೈದು ದಿನ ಬಿಟ್ಟು ಲಿಪ್‌ಸ್ಟಿಕ್ ಬಣ್ಣ ಬದಲಿಸಿ ಅಂದಾಗ ಆ ಫೈಲ್‌ನಿಂದಲೇ ಶುರು ಮಾಡಿದೆ, ಅರ್ಧ ಗಂಟೆಯಲ್ಲಿ ಮುಗಿಯಿತು.