ಬ್ಯಾಟರ್ ಗೋಡೆಗೆ ಕಲ್ಲಿನ ಲೆಕ್ಕ ಕೊನೆಗೂ ಕೂತ್ಕೊಂಡಿದ್ದು ಹೀಗೆ

ಎತ್ತರ ಒಂದು ತುದಿಯಿಂದ ಇನ್ನೊಂದಕ್ಕೆ ಇಳೀತಾ ಹೋಗೋ ರಿಟೈನಿಂಗ್ ವಾಲ್‌ಗೆ ಎರಡು ತುದೀಲಿ ಗೋಡೇನ ಅಡ್ಡ ಕತ್ತರಿಸಿದ್ರೆ ಬರೋ ಏರಿಯಾ ಕೂಡಿಸಿ ಅರ್ಧ ಮಾಡಿ ಉದ್ದದಿಂದ ಗುಣಿಸೋದು ನಮ್ಮಲ್ಲಿ ಎಲ್ಲರ ರೂಢಿ, ನಾನೂ ಹಾಗೇ ಮಾಡಿ ಒಂದು ಕೆಲಸದಲ್ಲಿ ಚೆನ್ನಾಗಿ ಕೈ ಸುಟ್ಕೊಂಡೆ. ಕಲ್ಲು ಜಾಸ್ತಿ ತರಿಸಿದ ದುಡ್ಡು ಒಂದು ಕಡೆ ಹೋಯ್ತು, ಫೈನಲ್ ಅಳತೇಲಿ ಬಿಲ್ ಕಟ್ ಆಗಿದ್ದು ಇನ್ನೊಂದು ಕಡೆ.

ಮುಂದಿನ ಗೋಡೆ 30 ಮೀಟರ್ ಉದ್ದ, ಎತ್ತರ 2ರಿಂದ 5 ಮೀಟರ್, ಮೇಲೆ ಅಗಲ 0.6, ಹಿಂಬದಿ ನೆಟ್ಟಗೆ, ಮುಂದೆ 4ಕ್ಕೆ 1 ಬ್ಯಾಟರ್, ಅಂದ್ರೆ 4 ಮೀಟರ್ ಎತ್ತರಕ್ಕೆ 1 ಮೀಟರ್ ಇಳಿಜಾರು. ಹಾಗಾಗಿ ಯಾವ ಜಾಗದಲ್ಲಾದ್ರೂ ಎತ್ತರ h ಇದ್ರೆ ಏರಿಯಾ A = 0.6h + h²/8. ಚಿಕ್ಕ ತುದಿ 1.7, ದೊಡ್ಡ ತುದಿ 6.1 ಚದರ ಮೀಟರ್ ಚಿಲ್ಲರೆ, ಸರಾಸರಿ ಹಿಡಿದ್ರೆ 117 ಘನ ಮೀಟರ್ ದಾಟುತ್ತೆ. ಆದ್ರೆ ಎತ್ತರ ಹೆಚ್ಚಿದಷ್ಟು ಬುಡದ ಅಗಲಾನೂ ಹೆಚ್ಚೋದ್ರಿಂದ ಏರಿಯಾ ನೇರವಾಗಿ ಏರಲ್ಲ, ನಡುವಿನ 3.5 ಮೀಟರ್ ಹತ್ರ ಬರೋದು ಬರೀ 3.63. ಅದನ್ನ ನಾಲ್ಕರಿಂದ ಗುಣಿಸಿ, ಎರಡು ತುದೀನೂ ಸೇರಿಸಿ, 30/6ರಿಂದ ಗುಣಿಸಿದ್ರೆ 111.75. ಸುಮಾರು ಐದೂವರೆ ಘನ ಮೀಟರ್ ಕಲ್ಲು ಪೇಪರ್ ಮೇಲೆ ಮಾತ್ರ ಇತ್ತು!

ಮೇಸ್ತ್ರಿನೂ ಪಾರ್ಟ್ನರೂ ನಕ್ಕರು. ಹಠಕ್ಕೆ ಜೇಡಿಮಣ್ಣಲ್ಲಿ 50ಕ್ಕೆ 1 ಅಳತೇಲಿ ಗೋಡೆ ಮಾಡಿ, ಅದೇ ಮಣ್ಣಿನ ಒಂದು ಚೌಕ ತುಂಡಿನ ಜೊತೆ ತೂಗಿ ನೋಡ್ದೆ. ಒಂದೂವರೆ ಕೇಜಿ ಮೇಲಿನ ಮುದ್ದೆ ಅದು, ಸರಾಸರಿ ಲೆಕ್ಕಕ್ಕಿಂತ 70-80 ಗ್ರಾಂ ಕಮ್ಮಿ ಬಂತು. ಮನೇಲಿ ಬೈಸ್ಕೊಂಡಿದ್ದು ಬೇರೆ ಕಥೆ.

ಇನ್ನೊಂದು ಹಳೇ ತಪ್ಪು ಅಂದ್ರೆ ಟೇಪನ್ನ ಇಳಿಜಾರು ಮುಖದ ಮೇಲೇ ಮಲಗಿಸಿ ಎತ್ತರ ಹಿಡಿಯೋದು. 5 ಮೀಟರ್ ಗೋಡೆ 5.15 ತೋರಿಸುತ್ತೆ, ಆ ತುದಿ ಏರಿಯಾ ಹೆಚ್ಚುಕಮ್ಮಿ 5 ಪರ್ಸೆಂಟ್ ಉಬ್ಬುತ್ತೆ. ತೂಗುಗುಂಡು ಬಿಟ್ಟು ನೆಟ್ಟಗಿನ ಎತ್ತರಾನೇ ತಗೊಳ್ಳಿ. ಒರಟು ಕಲ್ಲಿನ ಮುಖದಲ್ಲಿ ಬ್ಯಾಟರ್ ಹೇಗೆ ಚೆಕ್ ಮಾಡ್ತೀನಿ ಅಂತ ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಗೋಡೆ ಹಿಂದಿನ ನೀರು ಹೊರಗೆ ಹೋಗೋಕೆ ಬಿಡೋ ವೀಪ್ ಹೋಲ್ ವಿಷಯಕ್ಕೆ ಎಷ್ಟು ಜಗಳ ಆಗಿದೆ ಅಂದ್ರೆ! ನನ್ನ ಗೋಡೇಲಿ 100 ಎಂಎಂ ತೂತು ಸುಮಾರು 40 ಇದ್ವು, ಒಬ್ಬರು ಎಲ್ಲಕ್ಕೂ ಬುಡದ 1.85 ಅಗಲಾನೇ ಹಿಡಿದು ಕಲ್ಲಿನ ಲೆಕ್ಕದಿಂದ ಕಳೀತಾ ಕೂತಿದ್ರು. ತೂತಿನ ಉದ್ದ ಆ ಮಟ್ಟದಲ್ಲಿ ಗೋಡೆ ಎಷ್ಟು ದಪ್ಪ ಇದೆಯೋ ಅಷ್ಟೇ, ಸರಾಸರಿ 1.2 ಹಿಡಿದ್ರೂ ಎಲ್ಲಾ ಸೇರಿ 0.4 ಘನ ಮೀಟರ್ ಕೂಡ ಆಗಲ್ಲ. ಅಗ್ರಿಮೆಂಟಲ್ಲಿ 0.1 ಚದರ ಮೀಟರ್ ಒಳಗಿನ ತೂತಿಗೆ ಕಡಿತ ಇಲ್ಲ ಅಂತ ಇದ್ರೆ ಮಾತೇ ಮುಗೀತು, ಒಂದೊಂದೂ 0.008 ಅಷ್ಟೇ. ಪೈಪಿಗೆ ಬೇರೆ ಐಟಂ ಇದೆಯಾ, ರೇಟಲ್ಲೇ ಸೇರಿದೆಯಾ ಅಂತ ಮಾತ್ರ ಮೊದಲೇ ನೋಡಿ.

ಅಡಿಪಾಯ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ರೆ ಇಡೀ ಉದ್ದಕ್ಕೆ ಈ ಲೆಕ್ಕ ಒಂದೇ ಸಲ ಹಾಕ್ಬೇಡಿ, ಪ್ರತಿ ಮೆಟ್ಟಿಲಿಗೂ ಬೇರೆ ತುಂಡು ಮಾಡ್ಕೊಳ್ಳಿ. ಈ ಸಲ ಕೆಲಸ ಮುಗಿದಾಗ ಸೈಟಲ್ಲಿ ಉಳಿದಿದ್ದು ಮೊಣಕಾಲೆತ್ತರದ ಒಂದು ಕಲ್ಲಿನ ರಾಶಿ, ಬಿಲ್ಲಲ್ಲಿ ಗೀಟೂ ಬೀಳಲಿಲ್ಲ, ನಕ್ಕಿದ್ದ ಪಾರ್ಟ್ನರ್ ಈಗ ತನ್ನ ಗೋಡೆ ಡ್ರಾಯಿಂಗ್ ನನಗೇ ಕಳಿಸ್ತಾನೆ.