ಸಾರ್, ಆ ಮಾತು ಬೇಡ: ಗಾರ್ಮೆಂಟ್ಸ್ ಲೈನಿನಲ್ಲಿ ಕಿರುಕುಳ ತಡೆಯುವ ಚಿಕ್ಕ ಮಾತುಗಳು

ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಮಿಷನ್ ಮೇಲೆ ಕೂರುವವರು ಹೆಚ್ಚಾಗಿ ಹೆಂಗಸರು. ಪಕ್ಕದಲ್ಲಿ ನಿಂತು ಪೀಸ್ ಎಣಿಸುವ ಸೂಪರ್‌ವೈಸರ್ ಬಹಳ ಕಡೆ ಗಂಡಸು. ಅವನು ಟೈಲರ್ ಒಬ್ಬಳ ಕುರ್ಚಿಗೆ ಕೈಯಿಟ್ಟು ಬಗ್ಗಿ, 'ಇವತ್ತು ಹೂ ಮುಡ್ಕೊಂಡು ಬಂದಿದ್ದೀಯ, ಯಾರಿಗೋಸ್ಕರ?' ಅಂತಾನೆ. ಪಕ್ಕದ ಮಿಷನ್ನಿನವರಿಗೆ, ಎದುರಿನ ಚೆಕ್ಕರ್‌ಗೆ, ಬಂಡಲ್ ತಂದ ಹೆಲ್ಪರ್‌ಗೆ, ಎಲ್ಲರಿಗೂ ಕೇಳಿಸುತ್ತದೆ. ಎಲ್ಲರೂ ತಲೆ ತಗ್ಗಿಸುತ್ತಾರೆ. ನೋಡುವವರು ಜಾಸ್ತಿ ಇದ್ದಷ್ಟೂ 'ಬೇರೆ ಯಾರಾದ್ರೂ ಹೇಳ್ತಾರೆ' ಅನಿಸುತ್ತದೆ ಅಲ್ವಾ? ನೋಡಿದವರಿಗೆ ತರಬೇತಿ ಕೊಡುವುದು ಈ ಕಾರಣಕ್ಕೇ.

ಮೊದಲು ಹತ್ತು ಹನ್ನೆರಡು ಜನರನ್ನು ಕೂರಿಸಿ. ಸೂಪರ್‌ವೈಸರ್‌ಗಳಿಗೆ ಬೇರೆ ದಿನ ಮಾಡಿ. ಅವರೆದುರು ಯಾರೂ ಬಾಯಿ ಬಿಡುವುದಿಲ್ಲ. ಮೂರು ಕುರ್ಚಿ ಹಾಕಿ, ಮೇಲಿನ ಪ್ರಸಂಗವನ್ನೇ ಆಡಿಸಿ: ಒಬ್ಬರು ಟೈಲರ್, ಒಬ್ಬರು ಸೂಪರ್‌ವೈಸರ್, ಒಬ್ಬರು ಚೆಕ್ಕರ್. ಮಿಷನ್ ಸದ್ದು ಇದೆ ಅಂದುಕೊಂಡು ಗಟ್ಟಿಯಾಗಿ ಮಾತಾಡಿಸಿ. ಸುಮ್ನೆ ಪಟ್ಟಿ ಓದಿಸಿದರೆ ಮಾತು ನಾಲಿಗೆಗೆ ಬರುವುದಿಲ್ಲ.

ಶುರುವಿಗೆ ಕೆಲಸದ ನೆಪದ ಮಾತು ಕಲಿಸಿ. 'ಸಾರ್, ಈ ಕಾಲರ್ ಅಳತೆ ಸರಿ ಇದೆಯಾ, ಸ್ವಲ್ಪ ನೋಡಿ.' ಅಥವಾ ಆ ಟೈಲರ್‌ನನ್ನೇ ಕರೆಯಿರಿ: 'ಅಕ್ಕ, ಈ ಬಂಡಲ್ ನಂಬರ್ ಹೇಳು ಬಾ.' ಟಾರ್ಗೆಟ್ ಅಂತ ದಿನವಿಡೀ ಕೂಗುವವನು ಕೆಲಸದ ಕರೆಗೆ ಬೈಯುವುದು ಕಷ್ಟ. ಹೇಳಿದವಳು ಹೊಸ ಹೆಲ್ಪರ್ ಆದರೂ ಸಿಕ್ಕಿಬೀಳುವುದಿಲ್ಲ. ಆದರೆ 'ಸೂಜಿ ಮುರೀತು' ಅಂತ ಸುಳ್ಳು ಹೇಳಬೇಡಿ. ಚೂರೆಲ್ಲ ಹುಡುಕಿ ರಿಜಿಸ್ಟರ್‌ಗೆ ಬರೆಯುವ ರಗಳೆ ನಿಮ್ಮ ತಲೆಗೇ ಬರುತ್ತದೆ.

ಇದಕ್ಕೂ ಅವನು ನಿಲ್ಲಿಸದಿದ್ದರೆ ನೇರ ಮಾತು: 'ಸಾರ್, ಆ ಮಾತು ಬೇಡ.' 'ಸಾರ್, ಕೈ ತೆಗೀರಿ.' ಅಷ್ಟೇ, ಆಮೇಲೆ ಬಾಯಿ ಮುಚ್ಚಿ. ತರಬೇತಿಯಲ್ಲಿ ಜನ ತಪ್ಪುವುದು ಇಲ್ಲೇ. ಒಬ್ಬಳು 'ಯಾಕೆ ಸಾರ್ ಹಿಂಗೆಲ್ಲ ಮಾತಾಡ್ತೀರಿ?' ಅನ್ನುತ್ತಾಳೆ. ಪ್ರಶ್ನೆ ಕೇಳಿದರೆ ಉತ್ತರಕ್ಕೆ ದಾರಿ ಬಿಟ್ಟ ಹಾಗೆ. 'ತಮಾಷೆಗೆ ಅಂದೆ ಕಣಮ್ಮ' ಅಂತ ನಗುತ್ತಾನೆ, ಲೈನೂ ನಗುತ್ತದೆ. ಇನ್ನೊಬ್ಬಳು 'ಅವಳಿಗೆ ಬೇಜಾರಾಗ್ತಿದೆ' ಅನ್ನುತ್ತಾಳೆ. ಅವನು ತಕ್ಷಣ ಅವಳ ಕಡೆ ತಿರುಗಿ 'ಹೌದಾ, ಬೇಜಾರಾಯ್ತಾ?' ಅಂದರೆ ಆ ಟೈಲರ್ ಏನು ಹೇಳಬೇಕು? ಅವಳ ಹೆಸರು ಎತ್ತದೆ 'ನನಗೆ ಸರಿ ಅನಿಸಲಿಲ್ಲ ಸಾರ್' ಅನ್ನಿ. 'ಸಾರ್' ಬಿಡಬೇಡಿ. ಏಕವಚನಕ್ಕೆ ಇಳಿದರೆ ಜಗಳ ನಿಮ್ಮ ನಾಲಿಗೆಯ ಮೇಲೆ ತಿರುಗುತ್ತದೆ, ಅವನ ಕೈ ಮರೆತುಹೋಗುತ್ತದೆ.

ಒಬ್ಬರೇ ಹೇಳಲು ಭಯವಾದರೆ ಇಬ್ಬರು ಒಪ್ಪಂದ ಮಾಡಿಕೊಳ್ಳಿ. ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರು ಬರೀ 'ಹೌದು ಸಾರ್' ಅನ್ನಬೇಕು. ಈ ಎರಡನೇ ದನಿ ಬಂದಾಗ ಆಟದಲ್ಲಿ ಸೂಪರ್‌ವೈಸರ್ ಆಗಿ ಕೂತವರೇ ಹಿಂದಕ್ಕೆ ಸರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವನು ಎಳೆದಾಡುತ್ತಿದ್ದರೆ, ಹೊಡೆಯುವಂತಿದ್ದರೆ ಈ ಮಾತುಗಳನ್ನು ನಂಬಿ ಕೂರಬೇಡಿ. ಸೆಕ್ಯೂರಿಟಿಯನ್ನು ಕೂಗಿ, 112ಕ್ಕೆ ಕರೆ ಮಾಡಿ.

ಆಮೇಲಿನ ಕೆಲಸ ಊಟದ ಹೊತ್ತಿನದು. ಅವಳನ್ನು ಒಂಟಿಯಾಗಿ ಕರೆದು 'ನಾನು ನೋಡಿದೆ. ನಿನಗೇನು ಬೇಕು ಹೇಳು' ಅನ್ನಿ. 'ಕಂಪ್ಲೇಂಟ್ ಕೊಡಲೇಬೇಕು' ಅಂತ ಒತ್ತಾಯ ಬೇಡ. ಕೆಲಸ ಹೋದರೆ ಬಾಡಿಗೆ ಕಟ್ಟಬೇಕಾದವಳು ಅವಳು. ಅವತ್ತೇ ಒಂದು ಚೀಟಿಯಲ್ಲಿ ತಾರೀಖು, ಹೊತ್ತು, ಲೈನ್ ನಂಬರ್, ಅವನು ಆಡಿದ ಮಾತು ಇದ್ದ ಹಾಗೇ ಬರೆದು ಅವಳಿಗೆ ಕೊಡಿ. 'ಅಸಭ್ಯವಾಗಿ ಮಾತಾಡಿದ' ಅಂತ ಬರೆದರೆ ವಿಚಾರಣೆಯಲ್ಲಿ ಉಪಯೋಗಕ್ಕೆ ಬಾರದು. ಹೂವಿನ ಮಾತನ್ನೇ ಬರೆಯಿರಿ. ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ.

ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಸಿಬ್ಬಂದಿಗೆ ತರಬೇತಿ ಕೊಡುವುದೂ ಮಾಲೀಕರ ಹೊಣೆ. ದೂರಿಗೆ ಘಟನೆ ನಡೆದ ದಿನದಿಂದ 3 ತಿಂಗಳ ಗಡುವು, ಸಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಅವಳೇ ದೂರು ಕೊಡಲು ಆಗದ ಸ್ಥಿತಿಯಲ್ಲಿದ್ದರೆ, ಅವಳ ಲಿಖಿತ ಒಪ್ಪಿಗೆ ಪಡೆದು ನೋಡಿದವರು ಕೊಡಬಹುದು. ಸಮಿತಿಯ ಸದಸ್ಯರು ಯಾರು, ಫೋನ್ ನಂಬರ್ ಏನು ಅಂತ ತರಬೇತಿ ಮುಗಿಯುವ ಮುಂಚೆ ಎಲ್ಲರೂ ಮೊಬೈಲ್‌ಗೆ ಹಾಕಿಕೊಳ್ಳಲಿ. ನೋಟಿಸ್ ಬೋರ್ಡಿನಲ್ಲಿ ಅಂಟಿಸಿರುವ ಹೆಸರುಗಳಲ್ಲಿ ಕೆಲಸ ಬಿಟ್ಟವರೂ ಇರುತ್ತಾರೆ, ಅಲ್ಲೇ ಒಂದು ಸಲ ಫೋನ್ ಮಾಡಿ ನೋಡಿ.